ಒಂದು ವರ್ಷದ ಫೋಟೋಗಳಿಂದ ಒಂದು ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕಸುಬು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕಂಪ್ಯೂಟರ್ ಖಾಲಿ ಇರುತ್ತದೆ. ಆಗ ಬರುವವರು ಬೇರೆ ಥರದವರು. ಮೊಬೈಲ್ ಮುಂದೆ ಹಿಡಿದು, "ಹೋದ ವರ್ಷದ್ದೆಲ್ಲ ಸೇರಿಸಿ ಒಂದು ಬುಕ್ ಮಾಡಿಕೊಡಿ ಸಾರ್" ಅನ್ನುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಉತ್ತರಕ್ಕೆ ಉದಾಹರಣೆಯಾಗಿ ನಮ್ಮ ಮನೆಯ 2024ರ ಪುಸ್ತಕವನ್ನೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸರಿಯಾಗಿ ಬಂದದ್ದೂ ಇದೆ, ಕೆಟ್ಟದ್ದೂ ಇದೆ.

ನನ್ನ ಹತ್ತಿರ ನಾಲ್ಕು ಸಾವಿರ ಫೋಟೋ ಇವೆ. ಎಷ್ಟು ಪುಟ ಬೇಕಾಗುತ್ತದೆ?

ಫೋಟೋ ಎಣಿಸಿ ಪುಟ ಲೆಕ್ಕ ಹಾಕಬೇಡಿ, ಅದು ಎಂದಿಗೂ ಮುಗಿಯುವುದಿಲ್ಲ. ಮೊದಲು ಒಂದು ಹಾಳೆ ತೆಗೆದುಕೊಂಡು ಆ ವರ್ಷ ಮನೆಯಲ್ಲಿ ಏನೇನು ನಡೆಯಿತು ಎಂದು ತಿಂಗಳವಾರು ಬರೆಯಿರಿ, ಫೋನ್ ಮುಟ್ಟದೆ. ನೆನಪಿಗೆ ಬಂದದ್ದೇ ಪುಸ್ತಕದ ಅಧ್ಯಾಯ. ಮರೆತದ್ದು ಆಮೇಲೆ ಫೋನಿನಲ್ಲಿ ಸಿಕ್ಕರೆ ಸೇರಿಸಿಕೊಳ್ಳಬಹುದು.

ನಮ್ಮ ಮನೆಯಲ್ಲಿ ಈ ಪಟ್ಟಿ ಬರೆದವಳು ನನ್ನ ಹೆಂಡತಿ, ಅಡುಗೆಮನೆಯ ಕ್ಯಾಲೆಂಡರ್ ನೋಡಿಕೊಂಡು. ಸಂಕ್ರಾಂತಿ, ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಯುಗಾದಿ, ಬೇಸಿಗೆ ರಜೆಗೆ ತಿಪಟೂರಿನ ತೋಟ, ಸ್ಕೂಲು ಶುರುವಾದದ್ದು, ವರಮಹಾಲಕ್ಷ್ಮಿ ಮತ್ತು ಗೌರಿ ಗಣೇಶ, ತಂಗಿಯ ಮಗನ ನಾಮಕರಣ, ದಸರಾ ಗೊಂಬೆ, ದೀಪಾವಳಿ, ಡಿಸೆಂಬರಿನಲ್ಲಿ ದೇವರಾಯನದುರ್ಗ. ಅಷ್ಟೇ, ಹತ್ತು. ಮೂರು ಫೋನಿನಲ್ಲಿ ಸೇರಿ 4,300 ಫೋಟೋ ಇದ್ದರೂ ವರ್ಷ ಇಷ್ಟರಲ್ಲೇ ಮುಗಿದುಹೋಗಿತ್ತು.

ಇನ್ನು ಹಂಚಿಕೆ. ಆಲ್ಬಂ ಲೋಕದಲ್ಲಿ ನಾವು ಪುಟ ಎನ್ನುವುದಿಲ್ಲ, ಶೀಟು ಎನ್ನುತ್ತೇವೆ. ಪುಸ್ತಕ ಬಿಚ್ಚಿದಾಗ ಎಡ ಬಲ ಎರಡೂ ಸೇರಿ ಒಂದು ಶೀಟು. ನಮ್ಮ ಪುಸ್ತಕಕ್ಕೆ 20 ಶೀಟು, ಅಂದರೆ 40 ಪುಟ ಎಂದು ನಿಗದಿ ಮಾಡಿಕೊಂಡೆವು. ಹೆಸರು ಬರೆಯುವ ಮೊದಲ ಶೀಟು 1, ಸಂಕ್ರಾಂತಿಗೆ 1, ಜಾತ್ರೆಗೆ 2, ಯುಗಾದಿಗೆ 1, ತಿಪಟೂರಿಗೆ 4, ಸ್ಕೂಲು ಮಳೆಗಾಲಕ್ಕೆ 1, ವರಮಹಾಲಕ್ಷ್ಮಿ ಗೌರಿ ಗಣೇಶಕ್ಕೆ 2, ನಾಮಕರಣಕ್ಕೆ 3, ದಸರಾಕ್ಕೆ 1, ದೀಪಾವಳಿಗೆ 1, ದೇವರಾಯನದುರ್ಗಕ್ಕೆ 2. ಕೊನೆಯ 1 ಶೀಟು ಯಾವ ಹಬ್ಬಕ್ಕೂ ಸೇರದ ಮಾಮೂಲಿ ದಿನಗಳಿಗೆ: ಅಮ್ಮ ಹುಣಸೆಹಣ್ಣು ಬಿಡಿಸುತ್ತಿರುವುದು, ಮಗಳು ಶೂ ಹಾಕಿಕೊಂಡೇ ನಿದ್ದೆ ಹೋದದ್ದು, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತ ಸಾಲು. ಪುಸ್ತಕ ಬಂದ ಮೇಲೆ ಮನೆಯವರೆಲ್ಲ ಹೆಚ್ಚು ಹೊತ್ತು ನೋಡಿದ್ದು ಈ ಕೊನೆಯ ಶೀಟನ್ನೇ.

ನಾಮಕರಣಕ್ಕೆ ಎಂಟು ಶೀಟು ಬೇಕೆಂದು ತಂಗಿ ಹಟ ಹಿಡಿದಳು. ಅಷ್ಟು ಬೇಕಿದ್ದರೆ ಅದಕ್ಕೆ ಬೇರೆ ಆಲ್ಬಂ ಮಾಡಬೇಕು. ವರ್ಷದ ಪುಸ್ತಕದಲ್ಲಿ ಒಂದೇ ಸಮಾರಂಭ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನುಂಗಿದರೆ ಉಳಿದದ್ದೆಲ್ಲ ಅದರ ಬಾಲದ ಹಾಗೆ ಕಾಣುತ್ತದೆ.

ಹಾಗಾದರೆ ಫೋಟೋ ಆರಿಸುವುದು ಹೇಗೆ?

ಮೂರು ಸುತ್ತು ಹಾಕಿ, ಮೂರೂ ಬೇರೆ ಬೇರೆ ದಿನ.

ಮೊದಲ ಸುತ್ತಿನಲ್ಲಿ ಫೋಟೋ ಅಲ್ಲದ್ದನ್ನು ತೆಗೆಯಿರಿ. ಶುಭೋದಯದ ಹೂವು, ಕರೆಂಟ್ ಬಿಲ್ಲು, ಸ್ಕ್ರೀನ್‌ಶಾಟು, ಹೋಂವರ್ಕ್ ಫೋಟೋ. ನಮ್ಮ 4,300ರಲ್ಲಿ ಇವೇ ಸುಮಾರು 1,700 ಇದ್ದವು. ಎರಡನೇ ಸುತ್ತಿನಲ್ಲಿ ಒಂದೇ ಕ್ಷಣದ ಏಳೆಂಟು ಕ್ಲಿಕ್ಕುಗಳಲ್ಲಿ ಒಂದನ್ನು ಮಾತ್ರ ಉಳಿಸಿ, ಫೋನಿನಲ್ಲಿ ಹಾರ್ಟ್ ಒತ್ತಿಡಿ. ಎಲ್ಲರ ಕಣ್ಣೂ ತೆರೆದಿರುವುದೇ ಬೇಕೆಂದು ಹುಡುಕಬೇಡಿ, ಮುಖ್ಯ ವ್ಯಕ್ತಿಯ ಮುಖ ಚೆನ್ನಾಗಿದ್ದರೆ ಸಾಕು. ಇಲ್ಲಿ ನಮಗೆ 410 ಉಳಿದವು.

ಮೂರನೇ ಸುತ್ತನ್ನು ಪುಟದ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಮಾಡಿ. ಒಂದು ಶೀಟಿಗೆ ಸರಾಸರಿ ಆರೇಳು ಫೋಟೋ ಹಿಡಿಯುತ್ತದೆ. ಜಾತ್ರೆಗೆ ಎರಡೇ ಶೀಟು ಎಂದು ಮೊದಲೇ ಬರೆದಿದ್ದರಿಂದ, ದನಗಳ ಜಾತ್ರೆಯ ಐವತ್ತು ಎತ್ತುಗಳಲ್ಲಿ ಕೊಂಬಿಗೆ ಬಣ್ಣ ಹಚ್ಚಿದ ಒಂದು ಜೋಡಿ ಮಾತ್ರ ಒಳಗೆ ಬಂತು. ಪಟ್ಟಿ ಇಲ್ಲದಿದ್ದರೆ ನಾನು ಐವತ್ತನ್ನೂ ಹಾಕಿಬಿಡುತ್ತಿದ್ದೆ. ಕೊನೆಗೆ ಉಳಿದದ್ದು 132.

ಒಂದು ಎಚ್ಚರಿಕೆ. ಮೂರು ಫೋನಿನ ಫೋಟೋಗಳನ್ನು ಒಂದೇ ಫೋಲ್ಡರಿಗೆ ಹಾಕಿ ದಿನಾಂಕದ ಪ್ರಕಾರ ಜೋಡಿಸಿದರೆ ಕೆಲವು ತಪ್ಪು ಜಾಗದಲ್ಲಿ ಕೂರುತ್ತವೆ. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ತೆಗೆದ ದಿನದ ವಿವರ ಅಳಿಸಿಹೋಗಿರುತ್ತದೆ, ಉಳಿಯುವುದು ನಿಮಗೆ ತಲುಪಿದ ದಿನ. ಭಾವ ಯುಗಾದಿಯ ಫೋಟೋಗಳನ್ನು ಜೂನ್‌ನಲ್ಲಿ ಕಳಿಸಿದ್ದರಿಂದ ನಮ್ಮ ಬೇವು ಬೆಲ್ಲ ಮಳೆಗಾಲಕ್ಕೆ ಹೋಗಿ ಕೂತಿತ್ತು.

ವಾಟ್ಸಾಪ್ ಫೋಟೋ ಹಾಕಬಹುದಾ? ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿದೆಯಲ್ಲ?

ಫೋನಿನ ಪರದೆ ಅಂಗೈಯಷ್ಟು ಅಗಲ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಲೆಕ್ಕ ಸುಲಭ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು, 200ರವರೆಗೆ ಇಳಿದರೂ ನಡೆಯುತ್ತದೆ, 150ಕ್ಕಿಂತ ಕೆಳಗೆ ಹೋದರೆ ಮುಖ ಮಸುಕು. ಮಾಮೂಲಿ 12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000×3000 ಪಿಕ್ಸೆಲ್ ಇರುತ್ತದೆ. ಅದನ್ನೇ ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಉದ್ದದ ಬದಿ 1600ರ ಹತ್ತಿರಕ್ಕೆ ಇಳಿಯುತ್ತದೆ. 1600ನ್ನು 200ರಿಂದ ಭಾಗಿಸಿ: 8 ಇಂಚು. ಅಂದರೆ ವಾಟ್ಸಾಪ್ ಫೋಟೋವನ್ನು 6×8 ಇಂಚಿಗಿಂತ ದೊಡ್ಡದು ಮಾಡಬೇಡಿ. ಶೀಟಿನ ಮೂಲೆಯ ಸಣ್ಣ ಚೌಕಕ್ಕೆ ಧಾರಾಳವಾಗಿ ಸಾಕು, ಇಡೀ ಪುಟಕ್ಕೆ ಬೇಡ.

ಯಾರದ್ದೋ ಫೋಟೋ ನಿಮಗೆ ದೊಡ್ಡದಾಗಿಯೇ ಬೇಕಿದ್ದರೆ, "ಡಾಕ್ಯುಮೆಂಟ್ ಅಂತ ಕಳಿಸಿ" ಎಂದು ಕೇಳಿ. ಹಾಗೆ ಕಳಿಸಿದ್ದು ಕುಗ್ಗದೆ ಬರುತ್ತದೆ. ನನಗಂತೂ ಪೆನ್‌ಡ್ರೈವ್ ಇನ್ನೂ ಇಷ್ಟ.

ಯಾವ ಸೈಜು ತೆಗೆದುಕೊಳ್ಳಲಿ? ಮದುವೆ ಆಲ್ಬಂ ಥರ 12×36 ಮಾಡಿಸಲಾ?

ಬೇಡ. 12×36 ಶೀಟು ಮಡಚಿದರೆ 12 ಇಂಚು ಎತ್ತರ, 18 ಇಂಚು ಅಗಲದ ಪುಸ್ತಕ. ಬಿಚ್ಚಿದರೆ ಮೂರಡಿ. ಮದುವೆಯ ಕ್ಯಾಮೆರಾ ಫೋಟೋಗಳಿಗೆ, ಟೀಪಾಯಿ ಮೇಲಿಟ್ಟು ನಾಲ್ಕು ಜನ ನೋಡುವುದಕ್ಕೆ ಅದು ಸರಿ. ಮನೆಯ ವರ್ಷದ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾರೆ, ಅಜ್ಜಿ ಮಂಚದಲ್ಲಿ ಮಲಗಿಕೊಂಡೂ ನೋಡುತ್ತಾರೆ.

ನಾನು ಹೇಳುವುದು 12×18 ಶೀಟು. ಮಡಚಿದಾಗ 9 ಇಂಚು ಅಗಲ, 12 ಇಂಚು ಎತ್ತರ, ನಿಲುವು ಪುಸ್ತಕ. ಇದಕ್ಕೊಂದು ಕಾರಣವಿದೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೋದ ಅಳತೆ ಮೂರಕ್ಕೆ ನಾಲ್ಕು. 9×12 ಕೂಡ ಮೂರಕ್ಕೆ ನಾಲ್ಕು. ಹಾಗಾಗಿ ನಿಲುವು ಫೋಟೋ ಒಂದು ಪುಟವನ್ನು ತುಂಬಿದರೂ ತಲೆ ಕಾಲು ಕತ್ತರಿಸಬೇಕಾಗಿಲ್ಲ. 3000 ಪಿಕ್ಸೆಲ್ 9 ಇಂಚಿಗೆ ಹಂಚಿದರೆ 333 ಬರುತ್ತದೆ, ಕಣ್ಣು ಮುಚ್ಚಿ ಪ್ರಿಂಟ್ ಹೊಡೆಯಬಹುದು. ಅಡ್ಡ ಫೋಟೋವನ್ನು ಇಡೀ ಶೀಟಿಗೆ ಹರಡಿದರೂ ಇಂಚಿಗೆ 222 ಸಿಗುತ್ತದೆ, ಮೇಲೆ ಕೆಳಗೆ ಸ್ವಲ್ಪ ಹೋಗುತ್ತದೆ ಅಷ್ಟೆ. ನೀವು ವರ್ಷವಿಡೀ ಫೋನು ಅಡ್ಡ ಹಿಡಿದೇ ತೆಗೆಯುವವರಾದರೆ ಮಾತು ಬೇರೆ. ಆಗ ಅಡ್ಡ ಪುಸ್ತಕವೇ ಸರಿ.

ಪುಟಗಳ ಸಂಖ್ಯೆ ಬೆಸ ಆದರೆ ತೊಂದರೆಯಾ?

ಅದು ಬೈಂಡಿಂಗಿನ ಮೇಲೆ ಹೋಗುತ್ತದೆ. ಶೀಟುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡುವ ಆಲ್ಬಂ, ಅಂದರೆ ಲೇ-ಫ್ಲಾಟ್, ಮೊದಲ ಶೀಟಿನಿಂದಲೇ ಎರಡು ಪುಟವಾಗಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಬೆಸ ಎನ್ನುವುದೇ ಇಲ್ಲ. ಮಧ್ಯೆ ಪಿನ್ ಹೊಡೆದ ತೆಳ್ಳನೆಯ ಪುಸ್ತಕವಾದರೆ ಪುಟ ನಾಲ್ಕರ ಗುಣಕದಲ್ಲಿರಬೇಕು: 24, 28, 32 ಹೀಗೆ. ಬೆನ್ನಿಗೆ ಗಮ್ ಹಾಕಿದ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಮೊದಲ ಪುಟ ಬಲಗಡೆ ಒಂಟಿ, ಕೊನೆಯದು ಎಡಗಡೆ ಒಂಟಿ. ಜೋಡಿ ಶುರುವಾಗುವುದು 2 ಮತ್ತು 3ರಿಂದ. ಇದನ್ನು ಮರೆತು 1 ಮತ್ತು 2ನ್ನು ಜೋಡಿ ಎಂದುಕೊಂಡು ಡಿಸೈನ್ ಮಾಡಿದರೆ, ಎರಡು ಪುಟಕ್ಕೆ ಹರಡಿದ ಫೋಟೋದ ಅರ್ಧ ಈ ಕಡೆ, ಉಳಿದರ್ಧ ಹಾಳೆ ತಿರುಗಿಸಿದ ಮೇಲೆ ಸಿಗುತ್ತದೆ. ಅಂಥ ಒಂದು ಪುಸ್ತಕ ನನ್ನ ಟೇಬಲ್ಲಿಗೆ ರಿಪೇರಿಗೆಂದೇ ಬಂದಿತ್ತು. ಅದಕ್ಕೆ ರಿಪೇರಿ ಇಲ್ಲ, ಮತ್ತೆ ಪ್ರಿಂಟೇ.

ಗಮ್ ಬೈಂಡಿಂಗ್ ಆದರೆ ಒಳ ಅಂಚಿನಲ್ಲಿ ಅರ್ಧ ಇಂಚು ಕಾಣುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಲೇಔಟ್ ಮಾಡುವಾಗ ಮುಖ್ಯವಾಗಿ ಏನು ನೋಡಬೇಕು?

ಮಡಿಕೆ. ಶೀಟಿನ ನಟ್ಟನಡುವೆ ಬರುವ ಆ ಗೆರೆ.

ನಮ್ಮಲ್ಲಿ ಗ್ರೂಪ್ ಫೋಟೋ ತೆಗೆಯುವ ರೀತಿ ನೆನಪಿಸಿಕೊಳ್ಳಿ. ಹಿರಿಯರನ್ನು ಕುರ್ಚಿ ಹಾಕಿ ನಡುವೆ ಕೂರಿಸುತ್ತೇವೆ, ಮದುಮಕ್ಕಳಾದರೆ ಅವರು ನಡುವೆ, ಮಗುವಾದರೆ ಅದು ನಡುವೆ. ಮಿಕ್ಕವರು ಎರಡೂ ಕಡೆ. ಆ ಫೋಟೋವನ್ನು ಇಡೀ ಶೀಟಿಗೆ ಹರಡಿದ ಕೂಡಲೇ ಮಡಿಕೆ ಹೋಗಿ ಬೀಳುವುದು ಮನೆಯಲ್ಲಿ ಯಾರಿಗೆ ಅತಿ ಹೆಚ್ಚು ಗೌರವವೋ ಅವರ ಮೂಗಿನ ಮೇಲೆ. ನಾಮಕರಣದ ಫೋಟೋದಲ್ಲಿ ಹದಿನೇಳು ಜನ, ನಡುವೆ ಅಮ್ಮ, ಅವಳ ಮಡಿಲಲ್ಲಿ ಕೂಸು. ವರ್ಷಾನುಗಟ್ಟಲೆ ಮದುವೆ ಆಲ್ಬಂ ಮಾಡಿದ ನಾನೇ ಅದನ್ನು ಹರಡಿ ಕಳಿಸಿಬಿಟ್ಟೆ. ಪರದೆಯ ಮೇಲೆ ಮಡಿಕೆ ಕಾಣುವುದಿಲ್ಲವಲ್ಲ! ಪುಸ್ತಕ ಬಂದಾಗ ಅಮ್ಮ ಏನೂ ಅನ್ನಲಿಲ್ಲ, ಬೆರಳಿನಿಂದ ಆ ಗೆರೆಯನ್ನು ಒಂದು ಸಲ ಸವರಿದಳು. ಆ ಒಂದು ಶೀಟು ಬದಲಿಸೋಣವೆಂದರೆ ಅಂಟಿಸಿದ ಆಲ್ಬಂನಲ್ಲಿ ಅದು ಆಗದ ಮಾತು.

ಪರಿಹಾರ ಸುಲಭವಿತ್ತು. ಫೋಟೋವನ್ನು ಒಂದೆರಡು ಇಂಚು ಪಕ್ಕಕ್ಕೆ ಸರಿಸಿ, ಇಬ್ಬರ ಭುಜಗಳ ನಡುವಿನ ಸಂದಿಯಲ್ಲಿ ಮಡಿಕೆ ಬೀಳುವ ಹಾಗೆ ಮಾಡಬೇಕಿತ್ತು. ಇಲ್ಲವೇ ಒಂದೇ ಪುಟಕ್ಕೆ ಸೇರಿಸಿ, ಎದುರು ಪುಟದಲ್ಲಿ ಕೂಸಿನ ಅಂಗಾಲಿನ ಫೋಟೋ ಒಂದನ್ನೇ ಹಾಕಬೇಕಿತ್ತು. ಈಗ ನಾನು ಡಿಸೈನ್ ಶುರು ಮಾಡುವ ಮುನ್ನವೇ ನಡುವೆ ಒಂದು ಕೆಂಪು ಗೈಡ್ ಗೆರೆ ಎಳೆದಿಟ್ಟುಕೊಳ್ಳುತ್ತೇನೆ. ಎರಡು ಪುಟಕ್ಕೆ ಹರಡಲು ಒಳ್ಳೆಯದು ನಡುವೆ ಏನೂ ಇಲ್ಲದ ಫೋಟೋ: ತೋಟದ ಸಾಲು, ದೇವರಾಯನದುರ್ಗದ ಬೆಟ್ಟದ ಮೇಲಿಂದ ಕಾಣುವ ಬಯಲು.

ಹೊರ ಅಂಚಿನ ಕತೆ ಚಿಕ್ಕದು. ಪ್ರಿಂಟಾದ ಮೇಲೆ ಸುತ್ತಲೂ 3 ಮಿಲಿಮೀಟರಿನಷ್ಟು ಕಟಿಂಗ್‌ನಲ್ಲಿ ಹೋಗುತ್ತದೆ. ಅಂಚಿಗೆ ತಾಗಿದ ಫೋಟೋವನ್ನು ಅಷ್ಟು ಹೊರಗೆ ಹಿಗ್ಗಿಸಿ, ಅಕ್ಷರ ಮತ್ತು ಮುಖಗಳನ್ನು ಅರ್ಧ ಇಂಚು ಒಳಗೆ ಇಡಿ.

ಒಂದು ಶೀಟಿನಲ್ಲಿ ಎಷ್ಟು ಫೋಟೋ? ಹಿಂದೆ ಹೂವಿನ ಡಿಸೈನ್ ಹಾಕಿಸಲಾ?

ಪ್ರತಿ ಶೀಟಿಗೂ ಯಜಮಾನನಂತೆ ಒಂದು ದೊಡ್ಡ ಫೋಟೋ ಇರಲಿ, ಉಳಿದವು ಚಿಕ್ಕವು. ಎಲ್ಲವೂ ಒಂದೇ ಅಳತೆಯಾದರೆ ಓಟರ್ ಲಿಸ್ಟ್ ಥರ ಕಾಣುತ್ತದೆ. ತಿಪಟೂರಿನ ನಾಲ್ಕು ಶೀಟುಗಳನ್ನು ಹೀಗೆ ಮಾಡಿದೆ: ಮೊದಲನೆಯದರಲ್ಲಿ ಎರಡೂ ಪುಟಕ್ಕೆ ಒಂದೇ ಫೋಟೋ, ಬೆಳಗಿನ ತೋಟ. ಎರಡನೆಯದರಲ್ಲಿ ಎಡಕ್ಕೆ ಮಾವ ಕಾಯಿ ಸುಲಿಯುತ್ತಿರುವುದು ಪುಟ ತುಂಬ, ಬಲಕ್ಕೆ ಮಕ್ಕಳು ಎಳನೀರು ಕುಡಿಯುವ ಆರು ಚಿಕ್ಕ ಫೋಟೋ. ಮೂರನೆಯದರಲ್ಲಿ ಒಂಬತ್ತು ಫೋಟೋ ಕಿಕ್ಕಿರಿದು, ಊಟ ಆಟ ಜಗಳ ಎಲ್ಲ. ನಾಲ್ಕನೆಯದರಲ್ಲಿ ಎರಡೇ: ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಕೈ ಬೀಸುತ್ತಿರುವುದು, ಬಸ್ಸಿನೊಳಗೆ ಮುಖ ಊದಿಸಿಕೊಂಡ ಮಗಳು. ಖಾಲಿ, ತುಂಬಿದ್ದು, ಮತ್ತೆ ಖಾಲಿ. ಕಣ್ಣಿಗೆ ಉಸಿರಾಡಲು ಜಾಗ ಬೇಕು.

ಫೋಟೋದಲ್ಲಿರುವವರು ನೋಡುವ ದಿಕ್ಕು ಪುಸ್ತಕದ ಒಳಗಡೆಗೆ ಇರಲಿ. ಎಡಪುಟದ ಎಡತುದಿಯಲ್ಲಿ ಎಡಕ್ಕೇ ನೋಡುತ್ತಿರುವವರು ಪುಸ್ತಕ ಬಿಟ್ಟು ಎದ್ದು ಹೊರಟವರಂತೆ ಕಾಣುತ್ತಾರೆ.

ಹೂವು, ಹಾರ್ಟು, ಮಿಂಚು, ರಾಜಹಂಸದ ಬ್ಯಾಕ್‌ಗ್ರೌಂಡು ಎಲ್ಲ ನಮ್ಮ ಹತ್ತಿರ ಜಿಬಿಗಟ್ಟಲೆ ಇವೆ, ಮದುವೆಗೆಂದು ಕೊಂಡ ಪಿಎಸ್‌ಡಿ ಟೆಂಪ್ಲೇಟುಗಳು. ನೀವು ಬೇಡ ಎನ್ನದಿದ್ದರೆ ಡಿಸೈನರ್ ಹಾಕಿಯೇ ಹಾಕುತ್ತಾನೆ. ಬೇಡ ಅನ್ನಿ. ಬಿಳಿ ಹಿನ್ನೆಲೆ, ಫೋಟೋಗಳ ನಡುವೆ ಎಲ್ಲ ಪುಟದಲ್ಲೂ ಒಂದೇ ಅಳತೆಯ ಸಂದಿ, ಅಷ್ಟು ಸಾಕು.

ಫೋಟೋ ಕೆಳಗೆ ಕನ್ನಡದಲ್ಲಿ ಬರೆಸಿದರೆ ಒತ್ತಕ್ಷರ ಒಡೆದು ಬರುತ್ತದೆ. ಯಾಕೆ?

ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಆಲ್ಬಂ ಡಿಸೈನ್ ಮಾಡುವ ಬಹಳ ಜನ ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ಕೆಲಸ ಮಾಡುತ್ತಾರೆ, ಅವುಗಳ ಸಂಕೇತವೇ ಬೇರೆ. ನಿಮ್ಮ ಸಾಲನ್ನು ಅಲ್ಲಿಗೆ ಹಾಗೇ ಪೇಸ್ಟ್ ಮಾಡಿದರೆ ಕೈಗೆ ಬರುವುದು ಗೊಜ್ಜು. ಯೂನಿಕೋಡ್ ಫಾಂಟೇ ಬಳಸಿದರೂ ಫೋಟೋಶಾಪ್‌ನ ಸೆಟ್ಟಿಂಗ್ ಸರಿಯಿಲ್ಲದಿದ್ದರೆ "ಅಜ್ಜಿ" ಹೋಗಿ "ಅಜ್‌ಜಿ" ಆಗುತ್ತದೆ. ಕೆಲವು ವರ್ಷ ಹಿಂದಿನ ಆವೃತ್ತಿಗಳಲ್ಲಾದರೆ Preferences ಒಳಗಿನ Type ಭಾಗದಲ್ಲಿ World-Ready Layout ಆರಿಸಬೇಕು. ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದೇ Middle Eastern and South Asian ಎಂದಿರುತ್ತದೆ. ಆರಿಸಿ, ಹೊಸ ಫೈಲ್ ತೆರೆದು ನೋಡಲಿ.

ನೀವು ಮಾಡಬಹುದಾದದ್ದು: ಎಲ್ಲ ಸಾಲುಗಳನ್ನು ಒಂದೇ ಕಡೆ ಬರೆದು ಕೊಡಿ, ಜೊತೆಗೆ ಅದರ ಸ್ಕ್ರೀನ್‌ಶಾಟ್ ಕೂಡ ಕಳಿಸಿ. ಡಿಸೈನರ್ ಎರಡನ್ನೂ ಹೋಲಿಸಿ ನೋಡಬಹುದು. ಸಾಲು ಚಿಕ್ಕದಿರಲಿ, ಊರು ಮತ್ತು ತಿಂಗಳು ಇರಲಿ. "ಸವಿನೆನಪುಗಳ ಮಧುರ ಕ್ಷಣಗಳು" ಎಂದೆಲ್ಲ ಬೇಡ. "ನಾಮದ ಚಿಲುಮೆ, ಡಿಸೆಂಬರ್. ಜಿಂಕೆ ನೋಡಲು ಹೋಗಿ ಕೋತಿಗೆ ಚಿಪ್ಸ್ ಕಳೆದುಕೊಂಡದ್ದು" ಎಂದಿದ್ದರೆ ಹತ್ತು ವರ್ಷದ ಮೇಲೆ ಉಪಯೋಗಕ್ಕೆ ಬರುತ್ತದೆ. ಹಿರಿಯರಿರುವ ಗ್ರೂಪ್ ಫೋಟೋಗೆ ಎಡದಿಂದ ಬಲಕ್ಕೆ ಹೆಸರು ಹಾಕಿಸಿ.

ಪ್ರಿಂಟು ಕಪ್ಪಗೆ ಬರುತ್ತದೆ ಎನ್ನುತ್ತಾರೆ, ನಿಜವಾ?

ನಿಜ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ದೇವರಮನೆಯ ದೀಪದ ಬೆಳಕಿನ ಫೋಟೋ, ದೀಪಾವಳಿ ರಾತ್ರಿಯ ಫೋಟೋಗಳಲ್ಲಿ ಇದು ಹೆಚ್ಚು. ಫೋನಿನ ಬ್ರೈಟ್‌ನೆಸ್ಸನ್ನು ಅರ್ಧಕ್ಕಿಂತ ಕೆಳಗಿಳಿಸಿ ಫೋಟೋ ನೋಡಿ. ಆಗ ಮುಖ ಗುರುತು ಸಿಗದಿದ್ದರೆ ಪ್ರಿಂಟಿನಲ್ಲೂ ಸಿಗುವುದಿಲ್ಲ. ಅಂಥ ನಾಲ್ಕೈದನ್ನು ಆರಿಸಿ, ಪುಸ್ತಕ ಪ್ರಿಂಟ್ ಮಾಡುವ ಲ್ಯಾಬಿನಲ್ಲೇ ಒಂದು ಶೀಟು ಪರೀಕ್ಷೆಗೆ ಹೊಡೆಸಿ, ಹಗಲಿನಲ್ಲಿ ಕಿಟಕಿಯ ಹತ್ತಿರ ನೋಡಿ. ನಮ್ಮ ದೀಪಾವಳಿ ಶೀಟಿನ ಬೆಳಕನ್ನು ಎರಡು ಸಲ ಹೆಚ್ಚಿಸಬೇಕಾಯಿತು.

ಕಾಗದ ಗ್ಲಾಸಿಯಾ, ಮ್ಯಾಟಾ?

ಮ್ಯಾಟ್. ಗ್ಲಾಸಿಯಲ್ಲಿ ಬಣ್ಣ ಎದ್ದು ಕಾಣುತ್ತದೆ, ಆದರೆ ಟ್ಯೂಬ್‌ಲೈಟೂ ಕಾಣುತ್ತದೆ, ಕಜ್ಜಾಯ ತಿಂದ ಬೆರಳೂ ಕಾಣುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹರಿಯದ ಎನ್‌ಟಿ ಶೀಟು ಕೇಳಿ.

ಕವರ್ ಯಾವುದು ಹಾಕಿಸಲಿ?

ಅಂಗಡಿಯವರು ಮೊದಲು ತೋರಿಸುವುದು ಅಕ್ರಿಲಿಕ್. ನೋಡಲು ಗಾಜಿನ ಹಾಗೆ ಫಳಫಳ, ಆದರೆ ಭಾರ, ಬೇಗ ಗೀರು ಬೀಳುತ್ತದೆ, ಮೂಲೆ ಕೆಳಗೆ ಬಡಿದರೆ ಸೀಳುತ್ತದೆ. ಬೀರುವಿನಲ್ಲಿ ಇಡುವ ಮದುವೆ ಆಲ್ಬಂಗೆ ನಡೆಯುತ್ತದೆ, ತಿರುವಿ ನೋಡುವ ಪುಸ್ತಕಕ್ಕೆ ಸಲ್ಲದು.

ರೆಕ್ಸಿನ್ ಕವರ್ ಗಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ನಡುವೆ ಚಿಕ್ಕ ಕಿಟಕಿ ಬಿಡಿಸಿ ಅದರಲ್ಲಿ ಫೋಟೋ ಕೂರಿಸಬಹುದು. ಪ್ರತಿ ವರ್ಷ ಒಂದು ಪುಸ್ತಕ ಮಾಡುವ ಯೋಚನೆ ಇದ್ದರೆ ಇದೇ ಒಳ್ಳೆಯದು, ಶೆಲ್ಫಿನಲ್ಲಿ ಒಂದೇ ಥರ ಸಾಲಾಗಿ ನಿಲ್ಲುತ್ತವೆ. ಫೋಟೋವನ್ನೇ ಪ್ರಿಂಟ್ ಮಾಡಿ ಲ್ಯಾಮಿನೇಷನ್ ಹಾಕಿ ರಟ್ಟಿಗೆ ಸುತ್ತುವ ಹಾರ್ಡ್ ಕವರ್ ಹಗುರ, ಖರ್ಚೂ ಕಡಿಮೆ. ನಾವು ಆರಿಸಿದ್ದು ಅದನ್ನೇ. ಆದರೆ ಕಪ್ಪು ಬಣ್ಣದ ಕವರಿಗೆ ಮ್ಯಾಟ್ ಲ್ಯಾಮಿನೇಷನ್ ಹಾಕಿಸಬೇಡಿ, ಉಗುರು ತಾಗಿದರೂ ಬಿಳಿ ಗೀರು ಕಾಣುತ್ತದೆ. ಸುತ್ತುವಾಗ ನಾಲ್ಕೂ ಕಡೆ ಮುಕ್ಕಾಲು ಇಂಚಿನಷ್ಟು ಒಳಕ್ಕೆ ಮಡಚಿಹೋಗುತ್ತದೆ, ಬೆನ್ನಿನ ಪಕ್ಕದಲ್ಲಿ ಮಡಚುವ ಜಾಗ ಬೇರೆ. ಹಾಗಾಗಿ ಅಂಚಿನವರೆಗೆ ಜನ ತುಂಬಿದ ಫೋಟೋ ಕವರಿಗೆ ಆಗದು.

ಕವರ್ ಫೋಟೋಗೆ ಮನೆಯಲ್ಲಿ ಜಗಳ ಖಚಿತ. ಎಲ್ಲರೂ ತಮ್ಮ ಮುಖ ಚೆನ್ನಾಗಿರುವುದನ್ನೇ ಹೇಳುತ್ತಾರೆ. ನಾನು ಆರಿಸಿದ್ದು ಯಾರ ಮುಖವೂ ಕಾಣದ್ದು: ತೋಟದ ಕಾಲುದಾರಿಯಲ್ಲಿ ಮಕ್ಕಳು ಮೂವರು ಬೆನ್ನು ಹಾಕಿ ನಡೆಯುತ್ತಿರುವುದು. ಮೇಲೆ ಖಾಲಿ ಆಕಾಶವಿತ್ತು, ಅಲ್ಲಿ "2024" ಎಂದು ಬರೆಯಲು ಜಾಗ ಸಿಕ್ಕಿತು. ಬೆನ್ನಿನ ಮೇಲೂ ವರ್ಷ ಹಾಕಿಸಿ. ಆದರೆ ಬೆನ್ನಿನ ದಪ್ಪ ಗೊತ್ತಾಗುವುದು ಶೀಟಿನ ಲೆಕ್ಕ ಪಕ್ಕಾ ಆದ ಮೇಲೆ. ಕವರ್ ಡಿಸೈನ್ ಕಡೆಗೆ ಮಾಡುವುದು ಅದಕ್ಕೇ.

ದುಡ್ಡಿನ ಲೆಕ್ಕ ಹೇಗೆ?

ಶೀಟಿಗಿಷ್ಟು, ಕವರಿಗಿಷ್ಟು, ಡಿಸೈನಿಗಿಷ್ಟು ಎಂದು ಮೂರನ್ನೂ ಬೇರೆ ಬೇರೆ ಕೇಳಿ ಬರೆಸಿಕೊಳ್ಳಿ. ತಿದ್ದುಪಡಿ ಎಷ್ಟು ಸಲ ಮಾಡಿಕೊಡುತ್ತಾರೆ ಎಂದೂ ಕೇಳಿ. ಶೀಟಿನ ಸಂಖ್ಯೆ ಮೊದಲೇ ಗಟ್ಟಿ ಮಾಡಿಕೊಂಡವರಿಗೆ ಬಿಲ್ಲು ಬೆಳೆಯುವುದಿಲ್ಲ.

ಪ್ರಿಂಟಿಗೆ ಹೋಗುವ ಮುಂಚೆ ಏನು ನೋಡಿ ಓಕೆ ಹೇಳಬೇಕು?

ಡಿಸೈನರ್ ಜೆಪಿಜಿ ಕಳಿಸುತ್ತಾರೆ. ಫೋನಿನಲ್ಲಿ ನೋಡಿ ಓಕೆ ಅನ್ನಬೇಡಿ. ಮೂರ್ನಾಲ್ಕು ಮುಖ್ಯ ಶೀಟುಗಳನ್ನು ಎ4 ಹಾಳೆಯಲ್ಲಿ ಕಪ್ಪುಬಿಳುಪು ಜೆರಾಕ್ಸ್ ತೆಗೆಸಿ, ನಟ್ಟನಡುವೆ ಮಡಚಿ. ಮಡಿಕೆ ಯಾರ ಮುಖದ ಮೇಲೆ ಬಿತ್ತು ಎಂದು ಆಗಲೇ ಗೊತ್ತಾಗುತ್ತದೆ. ಕೆಲವೇ ರೂಪಾಯಿಯ ಕೆಲಸ, ನಾನು ಅದನ್ನು ಮಾಡಿರಲಿಲ್ಲ. ಆಮೇಲೆ ಹೆಸರುಗಳನ್ನು ಮನೆಯ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ.

ಇನ್ನೊಂದು ಪ್ರತಿ ಆಮೇಲೆ ಮಾಡಿಸಬಹುದಾ?

ಮಾಡಿಸಬಹುದು, ಫೈನಲ್ ಶೀಟುಗಳ ಜೆಪಿಜಿಯನ್ನು ಪೂರ್ತಿ ಸೈಜಿನಲ್ಲಿ ಕೇಳಿ ಇಟ್ಟುಕೊಂಡಿದ್ದರೆ. ಸ್ಟುಡಿಯೋಗಳಲ್ಲಿ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸುತ್ತೇವೆ. ತಿಪಟೂರಿನ ಅತ್ತೆಗೆ ನಾವು ಎರಡನೇ ಪ್ರತಿ ಮಾಡಿಸಿದೆವು. ಅದರಲ್ಲಿ ನಾಮಕರಣದ ಫೋಟೋವನ್ನು ಎರಡು ಇಂಚು ಎಡಕ್ಕೆ ಸರಿಸಿದ್ದೇನೆ. ಅಮ್ಮ ಈಗ ಆ ಪ್ರತಿ ತನಗೆ ಬೇಕೆನ್ನುತ್ತಿದ್ದಾಳೆ.